ಎರಡು ತಾರೀಖುಗಳ ಬುಲೆಟಿನ್

2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ ರಾಜ್ಯ ಆರೋಗ್ಯ ಇಲಾಖೆಯ ಕೋವಿಡ್ ಬುಲೆಟಿನ್ ಬಂದ ಕೂಡಲೇ ಎಲ್ಲರ ಕಣ್ಣು ಹೋಗುತ್ತಿದ್ದದ್ದು ಮೊದಲ ಪುಟಕ್ಕೆ: ಇವತ್ತಿನ ಹೊಸ ಪ್ರಕರಣ ಎಷ್ಟು, ಇವತ್ತಿನ ಸಾವು ಎಷ್ಟು. ಕೊನೆಯ ಪುಟಗಳಲ್ಲಿದ್ದ ಪಟ್ಟಿಯನ್ನು ಓದಿದವರು ಕಡಿಮೆ. ಅದರಲ್ಲಿ ತೀರಿಕೊಂಡ ಪ್ರತಿಯೊಬ್ಬರ ರೋಗಿ ಸಂಖ್ಯೆ, ಜಿಲ್ಲೆ, ವಯಸ್ಸು, ಲಕ್ಷಣ, ಆಸ್ಪತ್ರೆಗೆ ಸೇರಿದ ದಿನ ಮತ್ತು ಸಾವಿನ ದಿನ ಇರುತ್ತಿದ್ದವು. ಸಾವಿನ ದಿನದ ಕಾಲಂ ಮೇಲೆ ಬೆರಳಿಟ್ಟು ಇಳಿದರೆ ಸಾಕು, ಮೊದಲ ಪುಟದ ‘ಇವತ್ತಿನ ಸಾವು’ ಇವತ್ತಿನದಲ್ಲ ಎಂಬುದು ತಿಳಿಯುತ್ತಿತ್ತು. ಕೆಲವರು ನಿನ್ನೆ ಹೋದವರು, ಕೆಲವರು ಹೋದ ವಾರ, ಇನ್ನು ಕೆಲವರು ಅದಕ್ಕೂ ಎಷ್ಟೋ ಹಿಂದೆ.

ಇದಕ್ಕಾಗಿ ಬುಲೆಟಿನ್ನನ್ನು ಬೈದವರು ಬಹಳ. ನನ್ನ ತಕರಾರು ಬೇರೆ. ಬುಲೆಟಿನ್ ಎರಡೂ ತಾರೀಖು ಕೊಟ್ಟಿತ್ತು: ಸಾವಾದದ್ದು ಯಾವಾಗ, ನಮಗೆ ತಿಳಿದದ್ದು ಯಾವಾಗ. ಎರಡರಲ್ಲಿ ಒಂದನ್ನು ಎಸೆದು ಗ್ರಾಫ್ ಬರೆದವರು ಪತ್ರಿಕೆಯವರು, ಡ್ಯಾಶ್‌ಬೋರ್ಡ್ ಕಟ್ಟಿದವರು, ಬಡಾವಣೆಯ ವಾಟ್ಸಾಪ್ ಗುಂಪಿಗೆ ಎಕ್ಸೆಲ್ ಹಾಳೆ ಹಂಚಿದವರು.

ವರದಿಯಾದ ದಿನದ ಮೇಲೆ ಬರೆದ ಗ್ರಾಫ್‌ಗೆ ಒಂದು ಅನುಕೂಲವಿದೆ, ಬರೆದ ಕಂಬ ಮತ್ತೆ ಅಲುಗುವುದಿಲ್ಲ. ಆದರೆ ಅದು ತೋರಿಸುವುದು ಕಾಗದ ಓಡಾಡಿದ ವೇಗವನ್ನು. ಬಿಹಾರ 2021ರ ಜೂನ್ 9ರಂದು ಲೆಕ್ಕ ಸರಿಪಡಿಸಿ ತನ್ನ ಒಟ್ಟು ಸಾವನ್ನು 5,458ರಿಂದ 9,429ಕ್ಕೆ ಏರಿಸಿತು. ಮರುದಿನ ದೇಶದ ಒಂದು ದಿನದ ಸಾವು 6,148 ಎಂದು ಸುದ್ದಿಯಾಯಿತು. ಅಂದು ಅಷ್ಟು ಜನ ಸತ್ತಿರಲಿಲ್ಲ, ಹಳೆಯ ಸಾವುಗಳು ಅಂದು ಕಡತಕ್ಕೆ ಬಂದಿದ್ದವು.

ಹಾಗಾದರೆ ಸಾವಿನ ದಿನದ ಮೇಲೆ ಬರೆದರಾಯಿತಲ್ಲ ಎಂದರೆ, ಅಸಲಿ ತೊಡಕು ಶುರುವಾಗುವುದೇ ಅಲ್ಲಿ. ದಿನವೂ ರಿಫ್ರೆಶ್ ಓಡಿಸುವ ಹಲವು ವ್ಯವಸ್ಥೆಗಳು ‘ನಿನ್ನೆಯ ತಾರೀಖಿನ ಸಾಲುಗಳನ್ನು ತಾ’ ಎಂದು ಕೇಳುತ್ತವೆ. ಏಪ್ರಿಲ್ 28ರಂದು ಬಿಬಿಎಂಪಿಯ ದಕ್ಷಿಣ ವಲಯದಲ್ಲಿ ಆದ ಸಾವುಗಳನ್ನೇ ತೆಗೆದುಕೊಳ್ಳಿ (ಅಂಕಿಗಳು ವಿವರಣೆಗೆ ನಾನು ಇಟ್ಟುಕೊಂಡವು). 29ರ ಬುಲೆಟಿನ್ನಿನಲ್ಲಿ 9 ಬಂದವು. ಮೇ 2ರೊಳಗೆ ಇನ್ನೂ 7 ಸೇರಿ 16 ಆಯಿತು. ಮೇ 10ರ ಹೊತ್ತಿಗೆ 23. ನಿನ್ನೆಯದನ್ನು ಮಾತ್ರ ಕೇಳುವ ರಿಫ್ರೆಶ್‌ನಲ್ಲಿ ಏಪ್ರಿಲ್ 28ರ ಲೆಕ್ಕ ಎಂದೆಂದಿಗೂ 9. ಉಳಿದ 14 ಮಂದಿ ಎಲ್ಲೂ ಇಲ್ಲ, ಎರರ್ ಕೂಡ ಬರುವುದಿಲ್ಲ. ಜಾಬ್ ‘ಸಕ್ಸೆಸ್’ ಎಂದು ಹಸಿರು ತೋರಿಸುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು, ಪ್ರತಿದಿನ ಹಿಂದಿನ ಏಳು ದಿನಗಳನ್ನು ಅಳಿಸಿ ಮತ್ತೆ ತುಂಬು ಎಂಬುದು. ವಾಸಿ, ಆದರೆ ಅರ್ಧ ವಾಸಿ. ಮೇಲಿನ ಲೆಕ್ಕದಲ್ಲಿ ಮೇ 2ರ ತನಕ ಬಂದವು ಸಿಗುತ್ತವೆ, 10ನೇ ತಾರೀಖು ಬಂದವು ಕೈತಪ್ಪುತ್ತವೆ. ಇನ್ನೂ ಕೆಟ್ಟದ್ದೆಂದರೆ ಈ ಏಳು ದಿನದ ಅಂದಾಜನ್ನು ನಾವು ನಿಶ್ಚಯಿಸುವುದು ಕೆಲಸ ಹಗುರವಿರುವ ಕಾಲದಲ್ಲಿ. ಅಲೆ ಏರಿದಾಗ ಆಸ್ಪತ್ರೆಯಲ್ಲಿ ಫಾರಂ ತುಂಬುವ ಕೈಗಳೇ ಸಾಲದು, ತಡವೂ ಬೆಳೆಯುತ್ತದೆ. ಅಂಕಿ ಅತ್ಯಂತ ಬೇಕಾದ ದಿನಗಳಲ್ಲೇ ಈ ಏಳು ದಿನದ ಕಿಟಕಿ ಸಣ್ಣದಾಗುತ್ತದೆ.

ಮಾಡಬೇಕಾದದ್ದು ಸರಳ: ತರುವುದು ಬುಲೆಟಿನ್ನಿನ ತಾರೀಖಿನ ಮೇಲೆ, ಎಣಿಸುವುದು ಸಾವಿನ ತಾರೀಖಿನ ಮೇಲೆ. ಇವತ್ತು ಬಂದ ಸಾಲು ಎಷ್ಟೇ ಹಳೆಯ ಸಾವಿನದಾಗಿರಲಿ, ಇವತ್ತೇ ಒಳಗೆ ಬರುತ್ತದೆ, ಅದು ಮುಟ್ಟಿದ ಹಳೆಯ ದಿನದ ಮೊತ್ತ ಮಾತ್ರ ಮತ್ತೆ ಲೆಕ್ಕವಾಗುತ್ತದೆ. ಹಳೆಯ ಸಾಲನ್ನು ತಿದ್ದಬೇಕಾದರೆ ಅದರ ಮೇಲೆ ಬರೆಯದೆ, ಅದೇ ರೋಗಿ ಸಂಖ್ಯೆಗೆ ಹೊಸ ಸಾಲು ಸೇರಿಸಬೇಕು. ಆಗ ಯಾವ ದಿನ ನಮಗೆಷ್ಟು ಗೊತ್ತಿತ್ತು ಎಂಬುದನ್ನೂ ಕೇಳಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ:

```sql
SELECT death_date, COUNT(*)
FROM (
  SELECT DISTINCT ON (patient_no) *
  FROM death_rows
  WHERE bulletin_date <= DATE '2021-05-10'
  ORDER BY patient_no, bulletin_date DESC
) t
WHERE NOT cancelled AND zone = 'South'
GROUP BY death_date
ORDER BY death_date;
```

ಒಳಗಿನ ತಾರೀಖನ್ನು ಏಪ್ರಿಲ್ 29 ಮಾಡಿದರೆ 28ರ ಉತ್ತರ 9, ಮೇ 10 ಮಾಡಿದರೆ 23. “ಮೊನ್ನೆ ಮೀಟಿಂಗಲ್ಲಿ ಒಂಬತ್ತು ಅಂದ್ರಿ, ಈಗ ಇಪ್ಪತ್ತಮೂರು ಅಂತೀರಲ್ರೀ?” ಎಂದು ಸಾಹೇಬರು ಕೇಳಿದಾಗ ತಡವರಿಸಬೇಕಿಲ್ಲ, ಎರಡೂ ಸರಿ ಎಂದು ತೆರೆದು ತೋರಿಸಬಹುದು.

ತಡವಾಗಿ ಬಂದ ಸಾಲಿಗಿಂತ ಸದ್ದಿಲ್ಲದೆ ತಿದ್ದಿದ ಸಾಲು ಹೆಚ್ಚು ಕಾಡುತ್ತದೆ. ಜೆ.ಪಿ. ನಗರವನ್ನೇ ನೋಡಿ. ಅದರ ಒಂದು ಭಾಗ ಬಿಬಿಎಂಪಿಯ ದಕ್ಷಿಣ ವಲಯದಲ್ಲಿತ್ತು, ಪುಟ್ಟೇನಹಳ್ಳಿ ಕಡೆಯ ಭಾಗ ಬೊಮ್ಮನಹಳ್ಳಿ ವಲಯದಲ್ಲಿ. ವಿಳಾಸದಲ್ಲಿ ಬರೇ ‘ಜೆ.ಪಿ. ನಗರ’ ಎಂದಿದ್ದರೆ ಮೊದಲು ಒಂದು ವಲಯಕ್ಕೆ ಹಾಕಿ, ಆಮೇಲೆ ಇನ್ನೊಂದಕ್ಕೆ ಸಾಗಿಸಬೇಕಾಗಬಹುದು. ಹಳೆಯ ಸಾಲನ್ನು ರದ್ದು ಮಾಡದೆ ಹೊಸದನ್ನು ಸೇರಿಸಿ, ರೋಗಿ ಸಂಖ್ಯೆ ನೋಡದೆ ಸಾಲುಗಳನ್ನೇ ಎಣಿಸಿದರೆ ಒಬ್ಬರೇ ಎರಡು ಕಡೆ ಎಣಿಕೆಯಾಗುತ್ತಾರೆ. ಹೊಸ ಸಾಲಿನ ಸುದ್ದಿಯನ್ನು ಮೂಲದವರು ಹೇಳುತ್ತಾರೆ, ತೆಗೆದುಹಾಕಿದ ಸಾಲಿನ ಸುದ್ದಿಯನ್ನು ಹೇಳುವುದು ಅಪರೂಪ.

ಇದನ್ನು ಹಿಡಿಯಲು ಬುಲೆಟಿನ್ನಿನಲ್ಲೇ ಒಂದು ಅಳತೆಗೋಲಿತ್ತು, ಒಟ್ಟು ಮೊತ್ತ. ನಿನ್ನೆಯ ಒಟ್ಟಿಗೆ ಇವತ್ತಿನ ಹೊಸದನ್ನು ಕೂಡಿದರೆ ಇವತ್ತಿನ ಒಟ್ಟು ಬರಬೇಕು. ನಿನ್ನೆ 640, ಇವತ್ತು ಹೊಸದು 12, ಆದರೆ ಒಟ್ಟು 650 ಎಂದಿದ್ದರೆ ಎಲ್ಲೋ ಎರಡು ಸಾಲು ಹೊರಬಿದ್ದಿವೆ. ಆ ದಿನ ರಿಫ್ರೆಶ್ ನಿಲ್ಲಿಸಿ, ಪಟ್ಟಿಯನ್ನು ರೋಗಿ ಸಂಖ್ಯೆಯಿಂದ ಹೋಲಿಸಲೇಬೇಕು. ಒಂದು ಬಂದು ಒಂದು ಹೋದರೆ ಮೊತ್ತ ತಾಳೆಯಾಗಿಯೇ ಇರುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಪೂರ್ತಿ ಪಟ್ಟಿಯನ್ನು ಹೋಲಿಸದೆ ಗತಿಯಿಲ್ಲ.

ಇಷ್ಟೆಲ್ಲ ಸರಿಮಾಡಿದ ಮೇಲೂ ಗ್ರಾಫ್‌ನ ಬಲತುದಿ ಸುಳ್ಳು ಹೇಳುತ್ತದೆ. ಕೊನೆಯ ಕೆಲವು ದಿನಗಳ ಕಂಬ ಯಾವಾಗಲೂ ಗಿಡ್ಡ, ಏಕೆಂದರೆ ಆ ದಿನಗಳ ಸಾಲುಗಳು ಇನ್ನೂ ದಾರಿಯಲ್ಲಿವೆ. ಅದನ್ನು ನೋಡಿ ‘ಸಾವು ಇಳಿಯುತ್ತಿದೆ’ ಎನ್ನುವುದು ತಪ್ಪು ಓದು. ಎಷ್ಟು ದಿನ ಹಿಂದಕ್ಕೆ ನಂಬಬಾರದೆಂದು ತಿಳಿಯಲು ಪ್ರತಿ ಸಾಲಿನ ಎರಡು ತಾರೀಖುಗಳ ಅಂತರ ತೆಗೆಯಿರಿ. ಹತ್ತರಲ್ಲಿ ಒಂಬತ್ತು ಸಾಲು ಎಷ್ಟು ದಿನದಲ್ಲಿ ಬರುತ್ತವೋ ಅಷ್ಟು ದಿನದ ಕಂಬಗಳನ್ನು ಮಸುಕಾಗಿ ಬರೆದು ‘ಅಪೂರ್ಣ’ ಎಂದು ನಮೂದಿಸಿ. ಈ ಅಂತರವನ್ನು ಈಚೆಗೆ ನಡೆದ ಸಾವುಗಳಿಂದ ಅಳೆದರೆ ಅದು ಕಡಿಮೆಯೆಂದೇ ತೋರುತ್ತದೆ, ತಡವಾದವು ಇನ್ನೂ ಬಂದೇ ಇರುವುದಿಲ್ಲವಲ್ಲ. ಅಳತೆಗೆ ಸಾಕಷ್ಟು ಹಳೆಯದಾದ, ಸಾಲುಗಳು ಬಂದು ಮುಗಿದ ದಿನಗಳನ್ನು ಆರಿಸಿಕೊಳ್ಳಬೇಕು. ಆದರೆ ಅಲೆ ಏರುತ್ತಿರುವಾಗ ಹಳೆಯ ದಿನಗಳ ತಡ ಇಂದಿಗೆ ಪೂರ್ತಿ ಹೊಂದುವುದಿಲ್ಲ. ಆಗ ಮಸುಕು ಪಟ್ಟಿಯನ್ನು ಒಂದಷ್ಟು ದಿನ ಹೆಚ್ಚಿಗೆಯೇ ಎಳೆಯುವುದು ಕ್ಷೇಮ.

ದೇಶದ ಕೋವಿಡ್ ಅಂಕಿಗಳನ್ನು ತೋರಿಸುತ್ತಿದ್ದ covid19india.org ನಡೆಸಿದ ಸ್ವಯಂಸೇವಕರು 2021ರ ಅಕ್ಟೋಬರ್ 31ಕ್ಕೆ ಕೆಲಸ ನಿಲ್ಲಿಸಿದರು. ಜನ ದಿನವೂ ತೆರೆದು ನೋಡುತ್ತಿದ್ದ ಅಂಥ ಡ್ಯಾಶ್‌ಬೋರ್ಡ್‌ಗಳ ‘ದಿನದ ಸಾವು’ ಎಲ್ಲ ವರದಿಯಾದ ದಿನದ್ದೇ. ದೇಶದಾದ್ಯಂತ ಒಂದೇ ಅಳತೆ ಬೇಕಿದ್ದಾಗ ಬೇರೆ ದಾರಿ ಇರಲಿಲ್ಲ, ಅವರನ್ನು ದೂರಲಾರೆ. ಆದರೆ ಕರ್ನಾಟಕದ ಮಟ್ಟಿಗೆ ಆ ನೆಪವಿಲ್ಲ. ಸಾವಿನ ದಿನವನ್ನು ಸಾಲುಸಾಲಾಗಿ ಅಚ್ಚುಹಾಕಿದ ಬುಲೆಟಿನ್ ಕೈಯಲ್ಲಿದ್ದೂ ಮೊದಲ ಪುಟದ ಅಂಕಿಯೊಂದನ್ನೇ ಎತ್ತಿಕೊಂಡದ್ದು ನಮ್ಮ ಸೋಮಾರಿತನ. ಮೂಲದ ಗುಣ ಉತ್ತಮ, ಅದರ ಮೇಲೆ ಕಟ್ಟಿದ ಲೆಕ್ಕ ಕಳಪೆ.