ಅಧ್ಯಾಯದ ಸಂಖ್ಯೆ ಸಾಲದು: ಪಾಠದ ವಿಡಿಯೊಗಳ ಮೆಟಾಡೇಟಾ ಕುರಿತು

ಪಾಠದ ವಿಡಿಯೊ ಯಾವ ಮಂಡಳಿಯದು, ಯಾವ ಮಾಧ್ಯಮದ್ದು, ಯಾವ ತರಗತಿಗೆ, ಯಾವ ವಿಷಯದ ಯಾವ ಪಾಠಕ್ಕೆ ಸೇರಿದ್ದು ಎಂದು ತಿಳಿಸುವ ವಿವರಗಳೇ ಅದರ ಮೆಟಾಡೇಟಾ. 2017ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ದೀಕ್ಷಾ ವೇದಿಕೆ ಈ ಐದು ಹಂತಗಳನ್ನು ಶಾಲಾ ಶಿಕ್ಷಣದಲ್ಲಿ ನೆಲೆಗೊಳಿಸಿತು. ಪಠ್ಯಪುಸ್ತಕದಲ್ಲಿ ಮುದ್ರಿಸಿದ ಕ್ಯೂಆರ್ ಕೋಡ್ ಮಗುವನ್ನು ಆ ಪಾಠದ ಸಾಮಗ್ರಿಗೆ ನೇರವಾಗಿ ಕರೆದೊಯ್ಯುತ್ತದೆ ಎಂಬುದು ನಿಜವಾದ ಅನುಕೂಲ. ಆದರೆ ಟ್ಯೂಷನ್ ಶಿಕ್ಷಕರು ತಮ್ಮ ವಿಡಿಯೊಗಳಿಗೂ ಇದೇ ಐದು ಹಂತ ಸಾಕೆಂದು ನಂಬಿದ್ದಾರೆ. ಆ ನಂಬಿಕೆ ಪರಿಶೀಲನೆಗೆ ನಿಲ್ಲುವುದಿಲ್ಲ.

ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುವ ಶಿಕ್ಷಕರೊಬ್ಬರು ಥೇಲ್ಸ್‌ನ ಪ್ರಮೇಯದ ವಿಡಿಯೊ ಮಾಡಿದ್ದಾರೆ ಎಂದು ಇಟ್ಟುಕೊಳ್ಳೋಣ. ದೀಕ್ಷಾ ಕ್ರಮದಲ್ಲಿ ಅದರ ವಿವರ ಹೀಗಿರುತ್ತದೆ:

```
board: State (Karnataka)
medium: Kannada
gradeLevel: Class 10
subject: Mathematics
topic: ತ್ರಿಭುಜಗಳು
```

ಇದರಲ್ಲಿ ತಪ್ಪೊಂದೂ ಇಲ್ಲ, ಆದರೂ ಇದು ಉಪಯೋಗಕ್ಕೆ ಬರುವುದಿಲ್ಲ. ತ್ರಿಭುಜಗಳು ಎಂಬ ಪಾಠದಲ್ಲಿ ಸಮರೂಪತೆಯ ಪರಿಚಯವಿದೆ, ಥೇಲ್ಸ್‌ನ ಪ್ರಮೇಯವಿದೆ, ಅದರ ವಿಲೋಮವಿದೆ, ಸಮರೂಪತೆಯ ನಿರ್ಧಾರಕ ಗುಣಗಳಿವೆ. ಇವಿಷ್ಟಕ್ಕೂ ಬೇರೆ ಬೇರೆ ವಿಡಿಯೊ ಮಾಡಿದರೂ ಕೊನೆಯ ಸಾಲು ಒಂದೇ ಆಗಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಒಂದು ಸಾಧನೆಯನ್ನು ಹುಡುಕುವ ವಿದ್ಯಾರ್ಥಿ ಒಂದೊಂದನ್ನೂ ತೆರೆದು ನೋಡಬೇಕಾಗುತ್ತದೆ.

ಪಾಠದ ಹೆಸರಿನ ಬದಲು ಅಧ್ಯಾಯದ ಸಂಖ್ಯೆ ಬರೆದರೆ ಸ್ಥಿತಿ ಇನ್ನೂ ಕೆಡುತ್ತದೆ. ಕರ್ನಾಟಕವು ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಗಣಿತವನ್ನು ಅಳವಡಿಸಿಕೊಂಡಾಗ ಪಾಠಗಳ ಅನುಕ್ರಮವನ್ನು ಬದಲಿಸಿತು. ರಾಜ್ಯದ ಆ ಪುಸ್ತಕದಲ್ಲಿ ತ್ರಿಭುಜಗಳು 2ನೇ ಅಧ್ಯಾಯವಾಗಿತ್ತು, ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅದು 6ನೆಯದು. ಎನ್‌ಸಿಇಆರ್‌ಟಿಯ 2ನೇ ಅಧ್ಯಾಯ ಬಹುಪದೋಕ್ತಿಗಳು. ಹಾಗಾಗಿ ‘10ನೇ ತರಗತಿ ಗಣಿತ, ಅಧ್ಯಾಯ 2’ ಎಂಬ ಶೀರ್ಷಿಕೆ ಆ ರಾಜ್ಯ ಪಠ್ಯದ ಮಗುವಿಗೆ ಒಂದು ಪಾಠವನ್ನೂ ಸಿಬಿಎಸ್‌ಇ ಮಗುವಿಗೆ ಇನ್ನೊಂದನ್ನೂ ಸೂಚಿಸುತ್ತದೆ. ಪುಸ್ತಕದ ಆವೃತ್ತಿಯೂ ಮುಖ್ಯ: ಎನ್‌ಸಿಇಆರ್‌ಟಿಯ ಪರಿಷ್ಕರಣೆಯಲ್ಲಿ ಇದೇ ಪಾಠದಿಂದ ಪೈಥಾಗೊರಸ್ ಪ್ರಮೇಯದ ಭಾಗವನ್ನೇ ಕೈಬಿಡಲಾಯಿತು. ವರ್ಷ ನಮೂದಿಸದ ವಿಡಿಯೊ ಈಗಲೂ ಓದಬೇಕಾದ್ದೋ ಅಲ್ಲವೋ ತಿಳಿಯುವುದಿಲ್ಲ.

ವರ್ಷದ ಜೊತೆಗೆ ಬಿಟ್ಟುಹೋಗಿರುವ ಇನ್ನೊಂದು ವಿವರ ಪ್ರಶ್ನೆಪತ್ರಿಕೆಯ ಮಾತು. ರಾಜ್ಯ ಮಂಡಳಿಯ ಕನ್ನಡ ಪತ್ರಿಕೆ ಈ ಪ್ರಮೇಯವನ್ನು ‘ನಿರೂಪಿಸಿ ಮತ್ತು ಸಾಧಿಸಿ’ ಎಂದು ಕೇಳುತ್ತದೆ. ಹೆಸರನ್ನು ಥೇಲ್ಸ್‌ನ ಪ್ರಮೇಯ ಎಂದೂ ಮೂಲ ಸಮಾನುಪಾತತೆಯ ಪ್ರಮೇಯ ಎಂದೂ ಬರೆಯುವುದುಂಟು. ಇಂಗ್ಲಿಷ್ ಮಾಧ್ಯಮದವರ ಬಾಯಲ್ಲಿ ಅದು ಬಿಪಿಟಿ. ಮೂರೂ ವಿವರದಲ್ಲಿ ಇರಬೇಕು:

```
ಪ್ರಶ್ನೆ: ಥೇಲ್ಸ್‌ನ ಪ್ರಮೇಯವನ್ನು ನಿರೂಪಿಸಿ ಮತ್ತು ಸಾಧಿಸಿ
ಬೇರೆ ಹೆಸರು: ಮೂಲ ಸಮಾನುಪಾತತೆಯ ಪ್ರಮೇಯ, BPT
ಪುಸ್ತಕ: ರಾಜ್ಯ ಪಠ್ಯ, ಮುದ್ರಣದ ವರ್ಷ
```

ಇದನ್ನು ಎಲ್ಲಿ ಬರೆಯಬೇಕೆಂಬುದೂ ಅಷ್ಟೇ ಮುಖ್ಯ. ಹಲವರು ಯೂಟ್ಯೂಬ್‌ನ ಟ್ಯಾಗ್ ಪೆಟ್ಟಿಗೆಯಲ್ಲಿ ಪದಗಳನ್ನು ತುಂಬುತ್ತಾರೆ. ವಿಡಿಯೊ ಸಿಗುವುದರಲ್ಲಿ ಟ್ಯಾಗ್‌ಗಳ ಪಾತ್ರ ಅತ್ಯಲ್ಪ ಎಂದು ಯೂಟ್ಯೂಬ್ ತಾನೇ ಹೇಳಿದೆ. ಪ್ರಶ್ನೆಯ ಮಾತು ನೂರು ಅಕ್ಷರಗಳ ಮಿತಿಯ ಶೀರ್ಷಿಕೆಯಲ್ಲಿ ಮೊದಲು ಬರಬೇಕು, ಬೇರೆ ಹೆಸರುಗಳು ವಿವರಣೆಯ ಮೊದಲ ಸಾಲುಗಳಲ್ಲಿ. ಉತ್ತರದ ಭಾಗಗಳಾದ ನಿರೂಪಣೆ, ದತ್ತ, ಸಾಧನೀಯ, ರಚನೆ, ಸಾಧನೆಗಳನ್ನು 00:00ರಿಂದ ಆರಂಭಿಸಿ ಸಮಯದೊಂದಿಗೆ ಬರೆದರೆ, ರಚನೆಯಲ್ಲಿ ಎಡವುವ ಮಗು ಅಲ್ಲಿಗೇ ಹೋಗಬಹುದು.

ಪ್ರಶ್ನೆಯ ಮಾತಿಗೆ ಮಹತ್ವ ಕೊಟ್ಟರೆ ಬಾಯಿಪಾಠ ಬೆಳೆಯುತ್ತದೆ, ವಿಡಿಯೊಗಳನ್ನು ಪರಿಕಲ್ಪನೆಯ ಪ್ರಕಾರವೇ ಜೋಡಿಸಬೇಕು ಎಂಬ ಆಕ್ಷೇಪವಿದೆ. ಈ ವಾದವು ಪಾಠವನ್ನೂ ಅದರ ಗುರುತನ್ನೂ ಒಂದೇ ಎಂದು ಭಾವಿಸುತ್ತದೆ. ವಿಡಿಯೊದ ಒಳಗೆ ಪರಿಕಲ್ಪನೆಯನ್ನು ಎಷ್ಟು ಆಳವಾಗಿ ಬೇಕಾದರೂ ಕಲಿಸಬಹುದು, ಹೊರಗಿನ ವಿವರ ಅದನ್ನು ತಡೆಯುವುದಿಲ್ಲ. ಸಮರೂಪತೆ ಇನ್ನೂ ಅರ್ಥವಾಗದ ಮಗು ಆ ಪದವನ್ನೇ ಬಳಸಿ ಹುಡುಕಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅದರ ಕೈಯಲ್ಲಿರುವುದು ಹಳೆಯ ಪ್ರಶ್ನೆಪತ್ರಿಕೆ, ಅದು ಟೈಪಿಸುವುದೂ ಅಲ್ಲಿನ ಸಾಲನ್ನೇ. ಶಿಕ್ಷಣ ಸಂಪನ್ಮೂಲಗಳಿಗೆಂದು ರೂಪುಗೊಂಡು 2013ರಲ್ಲಿ ಸ್ಕೀಮಾ ಡಾಟ್ ಆರ್ಗ್‌ಗೆ ಸೇರಿದ ಎಲ್‌ಆರ್‌ಎಂಐ ಮಾನದಂಡವೂ ಕಲಿಸುವುದನ್ನು `teaches` ಎಂದೂ ಪರೀಕ್ಷಿಸುವುದನ್ನು `assesses` ಎಂದೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ಎರಡಕ್ಕೂ ಜಾಗವಿರುವಾಗ ಒಂದನ್ನು ಬಿಡಬೇಕೆನ್ನುವುದಕ್ಕೆ ಆಧಾರವಿಲ್ಲ.

ಮಂಡಳಿ, ಮಾಧ್ಯಮ, ತರಗತಿ, ವಿಷಯ, ಪಾಠ ಎಂಬ ಐದು ಹಂತಗಳು ಗ್ರಂಥಾಲಯ ಜೋಡಿಸುವವರ ಅಗತ್ಯವನ್ನು ಪೂರೈಸುತ್ತವೆ. ಪುಸ್ತಕದ ವರ್ಷ ಮತ್ತು ಪ್ರಶ್ನೆಯ ಮಾತು ಸೇರುವ ತನಕ ಅವು ಹುಡುಕುವ ವಿದ್ಯಾರ್ಥಿಯ ಅಗತ್ಯವನ್ನು ಪೂರೈಸಲಾರವು.