ಬುಸೋನನ ಹೆಂಡತಿ ಬದುಕಿದ್ದಳು

ಪುಣೆಯಲ್ಲಿ ನಾವು ಏಳೆಂಟು ಕನ್ನಡಿಗರು ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಏನಾದರೂ ಓದುತ್ತೇವೆ. ಕಳೆದ ಸಲ ಯೋಸ ಬುಸೋನನ ಒಂದು ಹೈಕು ಓದಿದೆವು. ತೀರಿಹೋದ ಹೆಂಡತಿಯ ಬಾಚಣಿಗೆಯನ್ನು ಮಲಗುವ ಕೋಣೆಯಲ್ಲಿ ತುಳಿದದ್ದರ ಬಗೆಗಿನ ಪದ್ಯ ಅದು. ಓದಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾನು, ಇದನ್ನು ಬರೆದಾಗ, ಅಂದರೆ 1777ರ ಸುಮಾರಿಗೆ, ಬುಸೋನನ ಹೆಂಡತಿ ಬದುಕಿದ್ದಳು, ಅವನು ಸತ್ತ ಮೇಲೂ ಬಹಳ ವರ್ಷ ಇದ್ದಳು ಎಂದೆ. ಗೆಳೆಯರೊಬ್ಬರಿಗೆ ಸಿಟ್ಟೇ ಬಂತು. “ಏನ್ರೀ ಇದು, ಹಾಗಾದ್ರೆ ನಾವು ಮರುಗಿದ್ದು ಯಾರಿಗೆ?” ಎಂದರು.

ಅಂದು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಪದ್ಯವನ್ನು ಮತ್ತೆ ಬಿಡಿಸಿ ನೋಡಿದೆ. ಉತ್ತರ ಪದ್ಯದ ಕಟ್ಟಿನಲ್ಲೇ ಇದೆ ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಋತುಪದ. ಜಪಾನಿ ಹೈಕುವಿನಲ್ಲಿ ಋತುವನ್ನು ಸೂಚಿಸುವ ಒಂದು ಪದ ಇರುತ್ತದೆ, ಅದಕ್ಕೆ ಕಿಗೊ ಎನ್ನುತ್ತಾರೆ. ಯಾವ ಪದ ಯಾವ ಋತುವಿಗೆ ಸೇರಿದ್ದು ಎಂದು ಹೇಳುವ ಕೋಶಗಳೇ ಇವೆ. ಈ ಪದ್ಯದ ಋತುಪದ ‘ಮಿ ನಿ ಶಿಮು’. ಅಕ್ಷರಶಃ ಹೇಳಿದರೆ ‘ಮೈಗೆ ಇಳಿಯುವುದು’. ಕೋಶದಲ್ಲಿ ಇದು ಶರತ್ಕಾಲದ ಪದ. ಹಿಮದ ಚಳಿಯಲ್ಲ, ಚಳಿ ಇನ್ನೂ ದಾರಿಯಲ್ಲಿರುವಾಗಿನ ತಣ್ಣನೆ. ಮೈ ಇನ್ನೂ ಮರಗಟ್ಟಿಲ್ಲ, ಆದ್ದರಿಂದಲೇ ಪ್ರತಿಯೊಂದು ಸ್ಪರ್ಶವೂ ತಾಗುತ್ತದೆ.

ಈ ಪದ ಬುಸೋನನದಲ್ಲ. 12ನೇ ಶತಮಾನದ ಕವಿ ಫುಜಿವಾರಾ ನೊ ಶುನ್‌ಜೆಯ್ ತನ್ನ ಒಂದು ಪ್ರಸಿದ್ಧ ವಾಕಾ ಪದ್ಯದಲ್ಲಿ, ಸಂಜೆಯ ಬಯಲಿನ ಶರತ್ಕಾಲದ ಗಾಳಿಗೆ ಇದನ್ನೇ ಬಳಸಿದ್ದ. ಓದಿಕೊಂಡ ಜಪಾನಿ ಓದುಗನಿಗೆ ಆ ಪದ ಕಿವಿಗೆ ಬಿದ್ದೊಡನೆ ಬಯಲು, ಗಾಳಿ, ಒಂಟಿತನ ಇವೆಲ್ಲ ಜೊತೆಗೇ ಬರುತ್ತವೆ. ಬುಸೋನ್ ಆ ಬಯಲಿನ ಪದವನ್ನು ತಂದು ಮಲಗುವ ಕೋಣೆಯೊಳಗೆ ಇಟ್ಟ. ಪದ್ಯದ ಮೊದಲ ಆಶ್ಚರ್ಯ ಅದು.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ‘ಕೊರೆ’ ಇರಬೇಕು. ಚಳಿ ಮೈಯನ್ನು ಕೊರೆಯುತ್ತದೆ, ಚಿಂತೆ ಮನಸ್ಸನ್ನು ಕೊರೆಯುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದ. ‘ಮಿ ನಿ ಶಿಮು’ ಕೂಡ ಹಾಗೆಯೇ ಎರಡು ಕಡೆ ಕಾಲಿಟ್ಟಿದೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಭಾವವನ್ನು ಅದರ ಹೆಸರು ಹಿಡಿದು ಹೇಳುವುದು ರಸದೋಷ. ‘ದುಃಖ’ ಎಂದು ಬರೆದರೆ ದುಃಖ ಹುಟ್ಟುವುದಿಲ್ಲ. ಬುಸೋನ್ ಆ ದೋಷದ ಅಂಚಿನವರೆಗೂ ಹೋಗಿ ನಿಂತಿದ್ದಾನೆ. ಅವನ ಪದ ಬಹುತೇಕ ಭಾವದ ಹೆಸರೇ ಹೌದು, ಆದರೆ ಲೆಕ್ಕದಲ್ಲಿ ಅದು ಹವಾಮಾನ.

ಎರಡನೆಯದು ಕತ್ತರಿ. ಹೈಕುವನ್ನು ಎರಡು ಹೋಳು ಮಾಡುವ ಪದಕ್ಕೆ ಕಿರೆಜಿ, ಅಂದರೆ ಕತ್ತರಿಸುವ ಅಕ್ಷರ, ಎನ್ನುತ್ತಾರೆ. ಇಲ್ಲಿರುವುದು ‘ಯಾ’. ಅದಕ್ಕೆ ಅರ್ಥಕ್ಕಿಂತ ಹೆಚ್ಚಾಗಿ ಕೆಲಸ ಇದೆ. ಹಿಂದಿನದನ್ನು ಎತ್ತಿ ಹಿಡಿದು ನಿಲ್ಲಿಸಿ, ಮುಂದಿನದಕ್ಕೆ ಜಾಗ ಬಿಡುವ ಕೆಲಸ. ಈ ಪದ್ಯದಲ್ಲಿ ಅದು ಋತುಪದದ ಬೆನ್ನಿಗೇ ಬರುತ್ತದೆ. ಹಾಗಾಗಿ ಒಂದು ಹೋಳಿನಲ್ಲಿ ಬರೀ ಆ ತಣ್ಣನೆ. ಬಾಚಣಿಗೆ, ಕೋಣೆ, ಕಾಲು ಎಲ್ಲ ಇನ್ನೊಂದು ಹೋಳಿನಲ್ಲಿ.

ನಮ್ಮ ಗುಂಪಿನಲ್ಲಿ ಮೊದಲ ಓದಿಗೆ ಎಲ್ಲರೂ ಇವೆರಡನ್ನೂ ಹೊಲಿದುಬಿಟ್ಟೆವು: ಬಾಚಣಿಗೆ ತುಳಿದ, ಆದ್ದರಿಂದ ಮೈ ಜುಮ್ಮೆಂದಿತು. ಆದರೆ ಕವಿ ‘ಆದ್ದರಿಂದ’ ಎಂದಿಲ್ಲ. ಕತ್ತರಿ ಬಿದ್ದಿರುವುದೇ ಅಲ್ಲಿ. ಶರತ್ಕಾಲದ ತಣ್ಣನೆ ಯಾರ ಹೆಂಡತಿ ಸತ್ತರೂ ಸಾಯದಿದ್ದರೂ ಬರುತ್ತದೆ. ಅದು ಊರಿಗೆಲ್ಲ ಸೇರಿದ್ದು. ಬಾಚಣಿಗೆ ಒಬ್ಬನೇ ಮನುಷ್ಯನದು. ಎರಡನ್ನೂ ಪಕ್ಕಪಕ್ಕ ಇಟ್ಟು ಕವಿ ಸುಮ್ಮನಾಗುತ್ತಾನೆ. ಕಾರಣ ಸೇರಿಸಿದರೆ ಇದು ಒಂದು ಘಟನೆಯ ವರದಿ. ಸೇರಿಸದಿದ್ದರೆ, ಎಲ್ಲರ ಋತು ಒಬ್ಬನ ಕೋಣೆಗೆ ಬಂದದ್ದು ಕಾಣುತ್ತದೆ.

ಅನುಕ್ರಮವನ್ನೂ ಗಮನಿಸಬೇಕು. ತಣ್ಣನೆ ಮೊದಲು, ಬಾಚಣಿಗೆ ಆಮೇಲೆ, ತುಳಿದದ್ದು ಕಟ್ಟಕಡೆಗೆ. ಮೈಗೆ ಮೊದಲು ಗೊತ್ತಾಗಿ ಮನಸ್ಸಿಗೆ ತಡವಾಗಿ ಗೊತ್ತಾಗುವ ಕ್ರಮ ಇದು. ಹೈಕುವಿನ ಅಳತೆ 5-7-5. ಇಲ್ಲಿ ಬಾಚಣಿಗೆ ಬರುವ ನಡುವಿನ ಭಾಗದಲ್ಲಿ ಏಳರ ಬದಲು ಎಂಟು ಇವೆ. ಒಂದು ಹೆಚ್ಚಿನ ಮಾತ್ರೆಯ ಮೇಲೆ ದೊಡ್ಡ ಮನೆ ಕಟ್ಟಬಾರದು. ಆದರೂ ಗಟ್ಟಿಯಾಗಿ ಓದಿದರೆ, ನಡಿಗೆ ಅಲ್ಲಿ ಕೊಂಚ ಎಡವುವುದು ಕೇಳಿಸುತ್ತದೆ.

ಇನ್ನು ಹೇಳದೆ ಬಿಟ್ಟದ್ದು. ದೀಪ ಇರಲಿಲ್ಲ ಎಂದು ಪದ್ಯ ಹೇಳುವುದಿಲ್ಲ. ತುಳಿದ ಎಂದ ಮೇಲೆ ಕಾಣಲಿಲ್ಲ ಎಂದು ನಾವೇ ಕತ್ತಲೆ ತುಂಬುತ್ತೇವೆ. ಬರಿಗಾಲು ಎಂದಿಲ್ಲ. ಆದರೆ ನೆಲದ ಮೇಲೆಯೇ ಹಾಸಿಕೊಂಡು ಮಲಗುವ ಮನೆಯಲ್ಲಿ ಬೇರೆ ಹೇಗಿದ್ದೀತು? ಅವಳು ಸತ್ತು ಎಷ್ಟು ದಿನವಾಯಿತು ಎಂದಿಲ್ಲ. ಬಾಚಣಿಗೆ ಇನ್ನೂ ನೆಲದ ಮೇಲಿದೆ ಎಂದರೆ ಬಹಳ ದಿನವಾಗಿರಲಿಕ್ಕಿಲ್ಲ ಎಂದು ಒಬ್ಬರು ಓದಬಹುದು. ವರ್ಷಗಳ ಮೇಲೆ ಯಾವುದೋ ಪೆಟ್ಟಿಗೆಯಿಂದ ಜಾರಿಬಿತ್ತು ಎಂದು ಇನ್ನೊಬ್ಬರು ಓದಬಹುದು. ಪದ್ಯ ಎರಡಕ್ಕೂ ಎಡೆ ಕೊಡುತ್ತದೆ. ಅತ್ತ ಎಂಬ ಮಾತಿಗೆ ಮಾತ್ರ ಎಡೆ ಕೊಡುವುದಿಲ್ಲ, ಏಕೆಂದರೆ ಕಾಲು ಬಾಚಣಿಗೆಯ ಮೇಲಿರುವಾಗಲೇ ಪದ್ಯ ಮುಗಿದುಹೋಗುತ್ತದೆ.

ಇದನ್ನು ಕನ್ನಡಕ್ಕೆ ತರಲು ಹೋಗಿ ಸೋತಾಗ ನನಗೆ ಇನ್ನೊಂದು ವಿಷಯ ತಿಳಿಯಿತು. ಜಪಾನಿಯ ‘ಫುಮು’, ಅಂದರೆ ತುಳಿ ಎಂಬ ಕ್ರಿಯಾಪದಕ್ಕೆ ನಾನು, ನೀನು, ಅವನು ಎಂಬ ಗುರುತೇ ಇಲ್ಲ. ಕನ್ನಡದ ಕ್ರಿಯಾಪದ ಬಾಯಿ ಬಿಟ್ಟ ಕೂಡಲೇ ಯಾರೆಂದು ಹೇಳಿಬಿಡುತ್ತದೆ. ‘ತುಳಿದೆ’ ಎಂದು ಬರೆದರೆ ಅದು ಬುಸೋನನ ಆತ್ಮಕಥೆ. ‘ತುಳಿದ’ ಎಂದರೆ ಯಾರದೋ ಕಥೆ. ‘ಕಾಲಿಗೆ ಸಿಕ್ಕ ಬಾಚಣಿಗೆ’ ಎಂದು ಕೃದಂತ ಹಾಕಿದರೆ ‘ಯಾರು’ ಎಂಬುದು ಅಳಿಯುತ್ತದೆ, ಆದರೆ ಪದ್ಯ ಕ್ರಿಯೆಯಲ್ಲಿ ಮುಗಿಯದೆ ವಸ್ತುವಿನಲ್ಲಿ ಮುಗಿಯುತ್ತದೆ. ಮೂರರಲ್ಲಿ ಇದೇ ವಾಸಿ ಎಂದು ನಾನು ಇಟ್ಟುಕೊಂಡಿದ್ದೇನೆ, ಪೂರ್ತಿ ಒಪ್ಪಿಗೆಯಿಂದಲ್ಲ.

ಗೆಳೆಯರ ಸಿಟ್ಟಿನ ಬೇರು ಇಲ್ಲಿದೆ. ನಾವು ಓದಿದ ಅನುವಾದದಲ್ಲಿ ‘ನಾನು’ ಇತ್ತು. ಆ ‘ನಾನು’ವನ್ನು ನಂಬಿ ನಾವು ಬುಸೋನನಿಗೆ ಮರುಗಿದೆವು. ಮೂಲದಲ್ಲಿ ಅಂಥ ‘ನಾನು’ ಇಲ್ಲ. ಹೈಕು ಎಂದರೆ ಕವಿ ಅದೇ ಕ್ಷಣ ಕಣ್ಣಾರೆ ಕಂಡದ್ದು ಎಂಬ ನಂಬಿಕೆ ಹೆಚ್ಚಾಗಿ ಇತ್ತೀಚಿನದು. ಹಾರುವೊ ಶಿರಾನೆ ಎಂಬ ವಿದ್ವಾಂಸರು ಈ ನಂಬಿಕೆಯನ್ನು ಪ್ರಶ್ನಿಸುವಾಗ ಇದೇ ಬಾಚಣಿಗೆಯ ಪದ್ಯವನ್ನು ಎತ್ತಿ ತೋರಿಸಿದ್ದಾರೆ. ಬುಸೋನ್ ಚಿತ್ರಕಾರನೂ ಆಗಿದ್ದ. ನೋಡದ ಬೆಟ್ಟವನ್ನು ಬರೆಯುವುದು ಅವನಿಗೆ ಸುಳ್ಳಲ್ಲ.

ಒಂದು ಆಕ್ಷೇಪ ಮಾತ್ರ ಉಳಿಯುತ್ತದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ‘ತೀರಿಹೋದ ಹೆಂಡತಿ’ ಎಂಬುದು ತುಸು ಹೆಚ್ಚೇ ಹೇಳಿದ ಮಾತು, ನಾಟಕದ ವೇಷದಂತೆ. ಕತ್ತರಿಯೂ ಋತುಪದವೂ ಅಷ್ಟು ಬಿಗಿಯಾಗಿ ಹಿಡಿದಿರದಿದ್ದರೆ ಪದ್ಯ ಅಲ್ಲೇ ಜಾರುತ್ತಿತ್ತು.

ಮುಂದಿನ ಭಾನುವಾರ ಗೆಳೆಯರಿಗೆ ಹೇಳಬೇಕೆಂದಿರುವುದು ಇಷ್ಟೆ: ಸಾರ್, ಹೆಂಡತಿ ಪಕ್ಕದ ಕೋಣೆಯಲ್ಲಿ ಓಡಾಡುತ್ತಿರುವಾಗಲೇ ಒಬ್ಬ ಮನುಷ್ಯ ಆ ಬಾಚಣಿಗೆಯನ್ನು ನೆಲದ ಮೇಲೆ ಇಟ್ಟು ನೋಡಿದ್ದಾನೆ. ಅರುವತ್ತರ ವಯಸ್ಸಿನಲ್ಲಿ ಅದು ಸುಳ್ಳಿಗಿಂತ ಭಯಕ್ಕೆ ಹತ್ತಿರ. ನಾವು ಮರುಗಿದ್ದು ವ್ಯರ್ಥವಾಗಲಿಲ್ಲ.