ನೂರಕ್ಕೆ ನೂರು ಪಡೆದ ಬಟನ್

ಲೈಟ್‌ಹೌಸ್ ಕೊಡುವ ಪೂರ್ಣಾಂಕಕ್ಕೆ ವೆಬ್ ಆ್ಯಪ್ ಕಟ್ಟುವವರಲ್ಲಿ ಸಲ್ಲುತ್ತಿರುವ ಮರ್ಯಾದೆ ಅತಿಯಾಯಿತು. ಯಾರೂ ಬಳಸಲಾಗದ ಪುಟಕ್ಕೂ ನೂರು ಅಂಕ ಬರುತ್ತದೆಂದು ಮಾನುಯೆಲ್ ಮಾಟುಜೋವಿಚ್ 2019ರಲ್ಲೇ ಅಂಥ ಪುಟ ಕಟ್ಟಿ ತೋರಿಸಿದ್ದರು. ಆದರೂ ಹಸಿರು ವೃತ್ತ ಕಂಡೊಡನೆ ಪರೀಕ್ಷೆ ಮುಗಿಯಿತೆನ್ನುವವರೇ ಹೆಚ್ಚು. ಅವರ ಕೋಡಿನಲ್ಲಿ ಮತ್ತೆಮತ್ತೆ ಸಿಗುವ ಸಾಲು ಇದು:

```html
<div role="button" tabindex="0"
     onclick="send()">ಅರ್ಜಿ ಸಲ್ಲಿಸಿ</div>
```

ಅಂಕ ಕೊಡುವ ಯಂತ್ರಕ್ಕೆ ಇಲ್ಲಿ ಎಲ್ಲವೂ ಸರಿ. ಹೆಸರಿದೆ, ಪಾತ್ರವಿದೆ, ಟ್ಯಾಬ್ ಒತ್ತಿದರೆ ಫೋಕಸ್ ಬಂದು ನಿಲ್ಲುತ್ತದೆ. ಎಂಟರ್ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ. `role` ಎಂಬುದು ಸ್ಕ್ರೀನ್ ರೀಡರ್‌ಗೆ ಇದು ಬಟನ್ ಎಂದು ಹೇಳುತ್ತದೆಯೇ ಹೊರತು ಬಟನ್ನಿನ ನಡವಳಿಕೆಯನ್ನು ತಂದುಕೊಡುವುದಿಲ್ಲ. ಸ್ಪೇಸ್ ಒತ್ತಿದರಂತೂ ಪುಟವೇ ಕೆಳಗೆ ಜಾರುತ್ತದೆ.

ಸ್ಕ್ರೀನ್ ರೀಡರ್‌ನಲ್ಲಿ ಒಮ್ಮೆ ಓಡಿಸಿ ನೋಡಿದರೆ ಸಾಕು, ಎಲ್ಲ ದೋಷವೂ ಬಯಲಾಗುತ್ತದೆ ಎನ್ನುವ ವಿಮರ್ಶಕರಿದ್ದಾರೆ. ನನ್ನ ತಕರಾರು ಇರುವುದು ಇವರೊಂದಿಗೇ. ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ ಎಂಟರ್ ಒತ್ತಿದರೆ ಆ ಕೀಲಿಯನ್ನು ಎನ್‌ವಿಡಿಎ ತಾನೇ ಹಿಡಿದುಕೊಂಡು, ಪುಟಕ್ಕೆ ಕ್ಲಿಕ್ ಕಳಿಸುತ್ತದೆ. ಹಾಗಾಗಿ ಅರ್ಜಿ ಹೋಗುತ್ತದೆ, ಪರೀಕ್ಷಕರು ಟಿಕ್ ಹಾಕುತ್ತಾರೆ. ಕೈ ನಡುಗುವುದರಿಂದ ಮೌಸ್ ಹಿಡಿಯಲಾಗದೆ ಬರೀ ಕೀಬೋರ್ಡ್ ನಂಬಿದವರಿಗೆ ಈ ನೆರವಿಲ್ಲ. ಬಟನ್ ಕಣ್ಣೆದುರೇ ಇದ್ದರೂ ಅವರ ಅರ್ಜಿ ಹೋಗುವುದಿಲ್ಲ. ಕುರುಡರಿಗೆ ಸರಿಹೋದದ್ದು ಎಲ್ಲರಿಗೂ ಸರಿ ಎಂಬ ನಂಬಿಕೆ ಅಂಕದ ಮೋಹದಷ್ಟೇ ಹುಸಿ. ಸ್ಕ್ರೀನ್ ರೀಡರ್ ಆಫ್ ಮಾಡಿ, ಮೌಸ್ ಬದಿಗಿಟ್ಟು ಇನ್ನೊಮ್ಮೆ ನೋಡದ ಪರೀಕ್ಷೆ ಅರ್ಧ ಪರೀಕ್ಷೆ.

ಕೀಲಿಗಳಿಗೆ ಸ್ಕ್ರಿಪ್ಟ್ ಬರೆದು ಸರಿಪಡಿಸಬಹುದು, ನಿಜ. ಎಂಟರ್‌ಗೊಂದು, ಸ್ಪೇಸ್‌ಗೊಂದು, ಪುಟ ಜಾರದಂತೆ ತಡೆಯಲು ಇನ್ನೊಂದು. ಅಷ್ಟಾದ ಮೇಲೂ `aria-disabled` ಹಾಕಿದರೆ ಬಟನ್ ನಿಷ್ಕ್ರಿಯವೆಂದು ಕೇಳಿಸುತ್ತದೆ, ಕ್ಲಿಕ್ ಮಾತ್ರ ನಿಲ್ಲುವುದಿಲ್ಲ. ಇಷ್ಟೆಲ್ಲ ಕಸರತ್ತು ಮಾಡಿ ಪಡೆಯುವುದು ಬ್ರೌಸರ್ ಪುಕ್ಕಟೆ ಕೊಡುವುದನ್ನೇ:

```html
<button type="submit">ಅರ್ಜಿ ಸಲ್ಲಿಸಿ</button>
```

ಯಂತ್ರಕ್ಕೆ ನ್ಯಾಯ ಸಲ್ಲಬೇಕಾದದ್ದು ಬಣ್ಣದ ಲೆಕ್ಕದಲ್ಲಿ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಬೇಕಾದ ಕಾಂಟ್ರಾಸ್ಟ್ 4.5:1, ಬಿಳಿಯ ಮೇಲೆ `#767676` ಬೂದು ಪಾಸಾಗುತ್ತದೆ, `#777777` ಕೂದಲೆಳೆಯಲ್ಲಿ ಫೇಲಾಗುತ್ತದೆ. ಕಣ್ಣಿಗೆ ಈ ವ್ಯತ್ಯಾಸ ತಿಳಿಯದು, ಯಂತ್ರ ಹಿಡಿಯುತ್ತದೆ. ಆದರೆ ತೆಳುವಾದ ಕನ್ನಡ ಫಾಂಟ್‌ನಲ್ಲಿ ಪಾಸಾದ ಬೂದಿನಲ್ಲೂ ಒತ್ತಕ್ಷರ ಮಸುಕಾಗುವುದು ಆ ಲೆಕ್ಕಕ್ಕೆ ಸಿಗುವುದಿಲ್ಲ, ಅದು ಅಳೆಯುವುದು ಎರಡು ಬಣ್ಣಗಳನ್ನು ಮಾತ್ರ.

ಕೀಬೋರ್ಡ್ ಪರೀಕ್ಷೆಯನ್ನು ಮನುಷ್ಯರೇ ಮಾಡಬೇಕೆಂದು ಲೈಟ್‌ಹೌಸ್ ತನ್ನ ವರದಿಯ ಕೆಳಭಾಗದಲ್ಲಿ ತಾನೇ ಹೇಳುತ್ತದೆ. ಅಂಕ ನೋಡಿ ವರದಿ ಮುಚ್ಚುವವರು ಅಲ್ಲಿಯವರೆಗೆ ಓದುವುದೇ ಇಲ್ಲ.